ಪತ್ರ ಬಂದ ಮೇಲೆ ಕ್ಯಾನು ಗಾಡಿ ಹತ್ತಲಿ

ಕೇಳುಗರಿಗೆ ನಮಸ್ಕಾರ. ಚಗಳಿ ಇರುವೆಯ ಚಟ್ನಿ ತಿಂದವರಿಗೆ ಆ ಹುಳಿ ನೆನಪಿರುತ್ತದೆ, ಅಲ್ವಾ? ಆ ಹುಳಿ ಫಾರ್ಮಿಕ್ ಆಸಿಡ್‌ದು. ರಬ್ಬರ್ ಹಾಲು ಹೆಪ್ಪುಗಟ್ಟಿಸಲು ಹೊಸನಗರ, ತೀರ್ಥಹಳ್ಳಿ ಕಡೆಯ ತೋಟದವರು ತರಿಸುವುದೂ ಇದನ್ನೇ. ಚಟ್ನಿಯಲ್ಲಿ ಇರುವುದು ಚೂರು. ಕ್ಯಾನಿನಲ್ಲಿ ಬರುವುದು ಮೂವತ್ತೈದು ಕೆ.ಜಿ., ಚರ್ಮಕ್ಕೆ ತಾಗಿದರೆ ಸುಟ್ಟು ಬೊಬ್ಬೆ ಬರುವಂಥದ್ದು.

ಇಂಥ ಮಾಲು ತರಿಸುವ ಅಂಗಡಿಯವರಿಗೆ, ಸೊಸೈಟಿ ಕಾರ್ಯದರ್ಶಿಗಳಿಗೆ ನಾನು ಹೇಳುವುದು ಒಂದೇ. ದುಡ್ಡು ಹಾಕುವ ಮೊದಲು ಪತ್ರ ಕೇಳಿ. ಪತ್ರ ಕೈಗೆ ಬರದೆ ಕ್ಯಾನು ಗಾಡಿ ಹತ್ತಬಾರದು.

ಯಾವ ಪತ್ರ? ಎರಡು. ಒಂದು ಸುರಕ್ಷತಾ ಮಾಹಿತಿ ಪತ್ರ, ಅಂಗಡಿಯಲ್ಲಿ ಎಸ್‌ಡಿಎಸ್ ಅನ್ನುತ್ತೇವೆ, ಹಳಬರಿಗೆ ಎಂಎಸ್‌ಡಿಎಸ್. ಅದರಲ್ಲಿ ಹದಿನಾರು ಭಾಗ ಇರುತ್ತದೆ. ಅದು ಆ ವಸ್ತುವಿನ ಜಾತಕ. ಇನ್ನೊಂದು ಅಪಾಯಕಾರಿ ಸರಕಿನ ಘೋಷಣೆ. ಅದು ಇವತ್ತಿನ ಈ ಲೋಡಿನದು. ಎಷ್ಟು ಕ್ಯಾನು, ಎಷ್ಟು ತೂಕ, ಅಪಾಯಕಾರಿ ಸರಕನ್ನು ಗುರುತಿಸುವ ಯುಎನ್ ನಂಬರು ಯಾವುದು ಅಂತ ಬರೆದು ಕಳಿಸುವವರು ಸಹಿ ಹಾಕಿರಬೇಕು. ಒಂದು ಕೊಟ್ಟು ಎರಡೂ ಕೊಟ್ಟೆ ಅನ್ನುವವರು ತುಂಬಾ ಜನ.

ನನ್ನದೇ ತಪ್ಪು ಹೇಳುತ್ತೇನೆ ಕೇಳಿ. ಆಗ ನಾನು ಶಿವಮೊಗ್ಗದಲ್ಲಿ ಕೆಮಿಕಲ್ ಗೋಡೌನ್ ನೋಡಿಕೊಳ್ಳುತ್ತಿದ್ದೆ. ಹೊಸನಗರಕ್ಕೆ ಇಪ್ಪತ್ತು ಕ್ಯಾನು ಬೇಕಿತ್ತು. ಹೊರಗಿನ ಸಪ್ಲೈಯರ್ ಒಬ್ಬರು ಕಳಿಸಿದರು. ಬಿಲ್ಲಿನಲ್ಲಿ ಬರೆದದ್ದು ‘ರಬ್ಬರ್ ಆಸಿಡ್’, ಅಷ್ಟೇ. ಎಸ್‌ಡಿಎಸ್ ಕೇಳಿದೆ. ‘ನಾಳೆ ಮೇಲ್ ಮಾಡ್ತೀನಿ ಸಾರ್’ ಅಂದರು. ತೋಟದವರ ಅವಸರ ಬೇರೆ. ನಾನು ಸುಮ್ನೆ ಮಾಲು ಮುಂದಕ್ಕೆ ಕಳಿಸಿಬಿಟ್ಟೆ.

ಲಾರಿಯಲ್ಲಿ ಜಾಗ ಸಾಲಲಿಲ್ಲ. ನಾಲ್ಕು ಕ್ಯಾನು ಅಡ್ಡ ಮಲಗಿಸಿದರು. ರಿಪ್ಪನ್‌ಪೇಟೆ ಹತ್ತಿರ ಕ್ಲೀನರ್ ಹುಡುಗನಿಗೆ ಮೂಗು ಉರಿಯಿತು. ಇಳಿದು ಟಾರ್ಪಾಲು ಎತ್ತಿದರೆ ಒಂದು ಕ್ಯಾನಿನ ಮುಚ್ಚಳದಿಂದ ತೊಟ್ಟು ತೊಟ್ಟಾಗಿ ಸೋರುತ್ತಿದೆ. ಮುಚ್ಚಳ ಬಿಗಿಯಾಗಿಯೇ ಇತ್ತು! ಅದರ ನಡುವೆ ಸೂಜಿಮೊನೆಯಷ್ಟು ತೂತು. ಗಟ್ಟಿ ಫಾರ್ಮಿಕ್ ಆಸಿಡ್ ನಿಧಾನಕ್ಕೆ ಒಡೆದು ಒಳಗೆ ಗ್ಯಾಸ್ ಆಗುತ್ತದೆ. ಅದು ಹೊರಗೆ ಹೋಗಲಿ ಅಂತಲೇ ಕಂಪನಿಯವರು ಆ ತೂತು ಇಟ್ಟಿರುತ್ತಾರೆ. ನೆಟ್ಟಗೆ ನಿಲ್ಲಿಸಬೇಕು ಅಂತ ಎಸ್‌ಡಿಎಸ್‌ನ ಏಳನೇ ಭಾಗದಲ್ಲಿ ಬರೆದಿರುತ್ತದೆ. ನಮ್ಮ ಕೈಯಲ್ಲಿ ಅದಿದ್ದರೆ ತಾನೆ!

ಸೋರಿದ್ದು ಹರಿದುಹೋಗುತ್ತಿದ್ದ ಕಡೆ ಏನಿತ್ತು ಗೊತ್ತಾ? ಯಾರದೋ ಬ್ಲೀಚಿಂಗ್ ಪೌಡರ್ ಮೂಟೆಗಳು, ಒಂದು ಗೇಣು ದೂರ. ಆಸಿಡ್ ಅದಕ್ಕೆ ಸೇರಿದರೆ ಕ್ಲೋರಿನ್ ಗ್ಯಾಸ್ ಏಳುತ್ತದೆ. ಡ್ರೈವರ್ ಮೂಟೆ ಇಳಿಸಿದ್ದಕ್ಕೆ ಉಳಿದುಕೊಂಡೆವು. ಎರಡೂ ಜೊತೆಗೆ ಇಡಬಾರದು ಅನ್ನುವುದು ಹತ್ತನೇ ಭಾಗದಲ್ಲಿರುತ್ತದೆ.

ಮರುದಿನ ಎಸ್‌ಡಿಎಸ್ ಬಂತು. ಅದರಲ್ಲಿ ಶೇ 85ರ ಆಸಿಡ್, ಯುಎನ್ 3412. ಕ್ಯಾನಿನ ಲೇಬಲ್ ನೋಡಿದರೆ ಶೇ 99! 85ರದ್ದು ಖಾಲಿಯಾಗಿತ್ತಂತೆ, 99ರದ್ದು ತುಂಬಿದರಂತೆ. ಶೇ 85 ದಾಟಿದರೆ ನಂಬರೇ ಬೇರೆ, ಯುಎನ್ 1779. ಎರಡೂ ಅಪಾಯಕಾರಿ ಸರಕಿನ ಎಂಟನೇ ವರ್ಗ, ಅಂದರೆ ತಾಗಿದರೆ ಚರ್ಮ ಸುಡುವ ವಸ್ತು. ಆದರೆ 1779ಕ್ಕೆ ಬೆಂಕಿ ಹತ್ತುವ ಅಪಾಯವೂ ಸೇರುತ್ತದೆ, ಮೂರನೇ ವರ್ಗ. ಗಾಡಿಗೆ ಹಾಕುವ ಬೋರ್ಡು ಬದಲಾಗುತ್ತದೆ.

ಆದ್ದರಿಂದ ಪತ್ರ ಬಂದ ಕೂಡಲೇ ಮೂರು ಕಡೆ ಕಣ್ಣು ಹಾಕಿ. ಮೂರನೇ ಭಾಗದ ಶೇಕಡಾ ಲೆಕ್ಕ, ಹದಿನಾಲ್ಕನೇ ಭಾಗದ ಯುಎನ್ ನಂಬರು, ಕ್ಯಾನಿನ ಲೇಬಲ್. ಮೂರೂ ಒಂದೇ ಹೇಳಬೇಕು. ಘೋಷಣೆಯಲ್ಲೂ ಅದೇ ನಂಬರು ಇರಬೇಕು. ಕೇಳುವಾಗ ‘ಎಸ್‌ಡಿಎಸ್ ಕಳಿಸಿ’ ಅಂತ ಬಿಡಬೇಡಿ. ‘ಫಾರ್ಮಿಕ್ ಆಸಿಡ್ ಶೇ 85, 35 ಕೆ.ಜಿ.ಯ 20 ಕ್ಯಾನು, ನೀವು ತುಂಬುವ ಮಾಲಿನದೇ ಎಸ್‌ಡಿಎಸ್ ಮತ್ತು ಸಹಿ ಹಾಕಿದ ಘೋಷಣೆ ಬೇಕು, ನೋಡಿದ ಮೇಲೆ ದುಡ್ಡು’ ಅಂತ ಬರೆದು ಕಳಿಸಿ. ಬೇಜಾರಾದರೆ ಆಗಲಿ ಬಿಡಿ.

‘ತಯಾರಿಸಿದವರು ಅವರು, ನಮಗೇನು?’ ಅನ್ನುತ್ತಾರೆ ಕೆಲವರು. ಶಿವಮೊಗ್ಗದಿಂದ ಹೊಸನಗರಕ್ಕೆ ಕಳಿಸಿದವನು ನಾನು ತಾನೆ? ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ 131ನೇ ನಿಯಮದ ಪ್ರಕಾರ ಲಾರಿಯವರಿಗೆ ಸರಿಯಾದ ಮಾಹಿತಿ ಕೊಡಬೇಕಾದದ್ದು ಕಳಿಸುವವನು. ಆ ಎರಡನೇ ಪ್ರಯಾಣದ ಘೋಷಣೆಗೆ ಸಹಿ ನನ್ನದೇ ಆಗಬೇಕಿತ್ತು.

ಗಡಿಯಾರ ತೋರಿಸುತ್ತಿದ್ದಾರೆ. ಡ್ರೈವರ್ ಲೈಸೆನ್ಸ್ ವಿಷಯ ಹೇಳಬೇಕಿತ್ತು, ಕತೆಯೇ ಹೊತ್ತು ನುಂಗಿತು. ಇಷ್ಟು ಹೇಳಿಬಿಡುತ್ತೇನೆ, ಅಪಾಯಕಾರಿ ಸರಕಿನ ತರಬೇತಿ ಆಗಿದೆ ಅಂತ ಲೈಸೆನ್ಸಿನಲ್ಲಿ ನಮೂದು ಇರಬೇಕು, ನೋಡಿ ಕಳಿಸಿ. ಪತ್ರದ ಪ್ರತಿಯನ್ನು ಡ್ರೈವರ್ ಕ್ಯಾಬಿನ್ನಿನಲ್ಲಿ ಇಡಿಸಿ. ಟಾರ್ಪಾಲಿನ ಕೆಳಗೆ ಕ್ಯಾನಿನ ಜೊತೆ ಕಟ್ಟಿ ಕಳಿಸುವವರೂ ಇದ್ದಾರೆ. ನಮಸ್ಕಾರ.