ಪಂಚಾಯ್ತಿ ಗೋಡೆಗೆ ಅಂಟಿಸಿದ ನಿಷೇಧಾಜ್ಞೆ

ಕೇಳುಗರಿಗೆ ನಮಸ್ಕಾರ.

ಮಹಾರಾಷ್ಟ್ರದ ಉಜನಿ ಜಲಾಶಯದಿಂದ ನೀರು ಬಿಟ್ಟರು ಅಂದರೆ ಅಫಜಲಪುರ, ಜೇವರ್ಗಿ ಕಡೆಯ ಭೀಮಾ ತೀರದ ಊರುಗಳಿಗೆ ಎರಡು ಸುದ್ದಿ ಬರುತ್ತವೆ. ಒಂದು, ಹೊಳೆ ಏರುತ್ತಿದೆ ಅನ್ನುವುದು. ಇನ್ನೊಂದು, ಹೊಳೆ ಕಡೆಗೆ ಯಾರೂ ಹೋಗಬಾರದು ಅನ್ನುವ ಡಂಗುರ. ಡಂಗುರದ ಹಿಂದೆ ಒಂದು ಕಾಗದ ಇರುತ್ತದೆ. ಪಂಚಾಯ್ತಿ ಕಚೇರಿಯ ಗೋಡೆಗೆ ಅದನ್ನು ಅಂಟಿಸಿರುತ್ತಾರೆ, ಮಳೆಗೆ ನೆನೆದು ಅದರ ಅಂಚು ಮಡಚಿಕೊಂಡಿರುತ್ತದೆ. ಇವತ್ತು ಆ ಕಾಗದವನ್ನು ಓದುವುದು ಹೇಗೆ, ಪ್ರವಾಹ ಇಳಿದ ಮೇಲೂ ಅದು ನಮ್ಮನ್ನು ಕಟ್ಟಿಹಾಕಿದ್ದರೆ ಯಾರ ಮುಂದೆ ಏನು ಕೇಳಬೇಕು ಅನ್ನುವುದನ್ನು ನೋಡೋಣ.

ಮೊದಲು ಕಾಗದದ ತಲೆಭಾಗ ನೋಡಿ. ಯಾವ ಕಾನೂನಿನ ಯಾವ ಕಲಂ ಅಂತ ಅಲ್ಲಿ ಬರೆದಿರಬೇಕು. ನಮ್ಮ ಜನ ಈಗಲೂ ‘144 ಹಾಕ್ಯಾರ’ ಅನ್ನುತ್ತಾರೆ. ಆದರೆ 2024ರ ಜುಲೈ 1ರಿಂದ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ ಆಗಿದೆ. ಈ ಆದೇಶವನ್ನು ಜಿಲ್ಲಾಧಿಕಾರಿ, ಉಪವಿಭಾಗಾಧಿಕಾರಿ ಅಥವಾ ಸರ್ಕಾರ ವಿಶೇಷವಾಗಿ ಅಧಿಕಾರ ಕೊಟ್ಟ ಇತರ ಕಾರ್ಯನಿರ್ವಾಹಕ ಮ್ಯಾಜಿಸ್ಟ್ರೇಟರು ಮಾಡಬಹುದು. ಪ್ರವಾಹದಲ್ಲಿ ಬರುವ ಕಾಗದ 2005ರ ವಿಪತ್ತು ನಿರ್ವಹಣಾ ಕಾಯ್ದೆಯ 34ನೇ ಕಲಮಿನದ್ದೂ ಆಗಿರಬಹುದು. ಆ ಕಲಂ ಪ್ರಕಾರ ಜಿಲ್ಲಾ ವಿಪತ್ತು ನಿರ್ವಹಣಾ ಪ್ರಾಧಿಕಾರ ಅಪಾಯದ ಪ್ರದೇಶದಲ್ಲಿ ಜನರ ಮತ್ತು ವಾಹನಗಳ ಓಡಾಟಕ್ಕೆ ತಡೆ ಹಾಕಬಹುದು. ಎರಡಕ್ಕೂ ಜಿಲ್ಲಾಧಿಕಾರಿಯ ಸಹಿಯೇ ಇರಬಹುದು, ಯಾಕೆಂದರೆ ಆ ಪ್ರಾಧಿಕಾರಕ್ಕೆ ಅಧ್ಯಕ್ಷರು ಅವರೇ. ಆದರೂ ಎರಡೂ ಬೇರೆ. 163ಕ್ಕೆ ಅವಧಿಯ ಮಿತಿ ಇದೆ, ಅದನ್ನು ಬದಲಿಸಿ ಅಂತ ಕೇಳುವ ಹಾದಿಯೂ ಅದೇ ಕಲಮಿನೊಳಗೆ ಇದೆ. 34ರಲ್ಲಿ ಅಂಥ ಹಾದಿ ಇಲ್ಲ. ಸಿವಿಲ್ ಕೋರ್ಟಿಗೂ ಹೋಗುವಂತಿಲ್ಲ, 71ನೇ ಕಲಂ ಆ ಬಾಗಿಲು ಮುಚ್ಚಿ ಹೈಕೋರ್ಟ್ ಮತ್ತು ಸುಪ್ರೀಂ ಕೋರ್ಟಿನ ಬಾಗಿಲು ಮಾತ್ರ ತೆರೆದಿಟ್ಟಿದೆ. ಕಲಂ ಸಂಖ್ಯೆ ನೋಡದೆ ಅರ್ಜಿ ಬರೆದವರು ತಿಂಗಳುಗಟ್ಟಲೆ ತಪ್ಪು ಮೇಜಿನ ಮುಂದೆ ನಿಲ್ಲುತ್ತಾರೆ.

ಕಾಗದ 163ರದ್ದೇ ಅಂದುಕೊಳ್ಳೋಣ. ಎರಡನೆಯದಾಗಿ ಕಾರಣ ಹುಡುಕಿ. ‘ಸಾರ್ವಜನಿಕ ಹಿತದೃಷ್ಟಿಯಿಂದ’ ಎಂಬ ಒಂದು ಸಾಲು ಕಾರಣ ಅಲ್ಲ. ಪ್ರಕರಣದ ಮುಖ್ಯ ಸಂಗತಿಗಳನ್ನು ಆದೇಶದಲ್ಲೇ ಹೇಳಬೇಕು ಅಂತ ಕಲಂ ಹೇಳುತ್ತದೆ. ಯಾವ ಸೇತುವೆ ಮುಳುಗಿದೆ, ಯಾವ ಊರಿನ ದಂಡೆಗೆ ಅಪಾಯ ಇದೆ, ಯಾವತ್ತಿನ ವರದಿ ಅದನ್ನು ಹೇಳಿದೆ, ಇವು ಸಂಗತಿಗಳು. ಇದರ ಬೆಲೆ ಗೊತ್ತಾಗುವುದು ಆಮೇಲೆ. ‘ಸೇತುವೆಯ ಮೇಲೆ ನೀರು ಹರಿಯುತ್ತಿರುವುದರಿಂದ’ ಎಂದು ಆದೇಶ ಹೇಳಿದ್ದರೆ, ನೀರು ಇಳಿದ ದಿನ ಆ ಆದೇಶದ ಕಾಲೇ ಕುಸಿಯುತ್ತದೆ. ಕಾರಣವನ್ನೇ ಬರೆಯದ ಆದೇಶವನ್ನು ಯಾವ ಅಳತೆಗೋಲಿನಿಂದ ಅಳೆಯುವುದು?

ಮೂರನೆಯದು ತಾರೀಖು. ಈ ಆದೇಶ, ಮಾಡಿದ ದಿನದಿಂದ ಎರಡು ತಿಂಗಳಿಗಿಂತ ಹೆಚ್ಚು ಬದುಕುವಂತಿಲ್ಲ. ಎಣಿಕೆ ಶುರುವಾಗುವುದು ಗೋಡೆಗೆ ಅಂಟಿಸಿದ ದಿನದಿಂದಲ್ಲ, ಆದೇಶ ಮಾಡಿದ ದಿನದಿಂದ. ಜೀವ, ಆರೋಗ್ಯ, ಸುರಕ್ಷತೆಗೆ ಅಪಾಯ ಅಥವಾ ಗಲಭೆ ತಡೆಯಲು ಬೇಕೆನಿಸಿದರೆ ಮುಂದುವರಿಸುವ ಅಧಿಕಾರ ರಾಜ್ಯ ಸರ್ಕಾರದ್ದು, ಅದೂ ಅಧಿಸೂಚನೆ ಹೊರಡಿಸಿ, ಹೆಚ್ಚೆಂದರೆ ಆರು ತಿಂಗಳು. ಅವಧಿ ಮುಗಿದ ಮರುದಿನವೇ ಅದೇ ಮಾತುಗಳ ಹೊಸ ಆದೇಶ ಹೊರಡಿಸುವ ರೂಢಿಯನ್ನು ಸುಪ್ರೀಂ ಕೋರ್ಟ್ ಒಪ್ಪಿಲ್ಲ. ಅನುರಾಧಾ ಭಾಸಿನ್ ಪ್ರಕರಣದಲ್ಲಿ 2020ರ ಜನವರಿ 10ರಂದು ಕೊಟ್ಟ ತೀರ್ಪಿನಲ್ಲಿ, ಮೇಲಿಂದ ಮೇಲೆ ಇಂಥ ಆದೇಶ ಮಾಡುವುದು ಅಧಿಕಾರದ ದುರುಪಯೋಗ ಅಂತ ಹೇಳಿದೆ.

ಈಗ ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಅಕ್ಟೋಬರ್ 1ರಂದು ಉಪವಿಭಾಗಾಧಿಕಾರಿ ಒಂದು ಊರಿನ ಹೊಳೆ ದಂಡೆಯಿಂದ 500 ಮೀಟರ್ ಒಳಗೆ ಯಾರೂ ಹೋಗಬಾರದೆಂದು ಆದೇಶ ಮಾಡಿದ್ದಾರೆ. 20ಕ್ಕೆ ಹೊಳೆ ಇಳಿಯಿತು. ದಂಡೆಯ ಹೊಲದಲ್ಲಿ ತೊಗರಿ ನಿಂತಿದೆ, ಪಂಪ್‌ಸೆಟ್ ಕೆಸರಲ್ಲಿ ಹೂತಿದೆ. ಆದೇಶ ಮಾತ್ರ ನವೆಂಬರ್ ಕೊನೆಯವರೆಗೂ ಇದೆ. ರೈತ ಏನು ಮಾಡಬೇಕು?

ರಾತ್ರಿ ಕದ್ದು ಹೋಗುವುದಲ್ಲ, ಅರ್ಜಿ ಕೊಡಬೇಕು. 163ನೇ ಕಲಮಿನ 5ನೇ ಉಪಕಲಂ ಪ್ರಕಾರ, ತೊಂದರೆಗೆ ಒಳಗಾದ ಯಾರೇ ಆಗಲಿ ಆದೇಶ ರದ್ದು ಮಾಡಿ ಅಥವಾ ಬದಲಿಸಿ ಅಂತ ಕೇಳಬಹುದು. ಆದೇಶ ಮಾಡಿದವರನ್ನೇ ಕೇಳಬಹುದು, ಅವರ ಮೇಲಿನ ಮ್ಯಾಜಿಸ್ಟ್ರೇಟರಾದ ಜಿಲ್ಲಾಧಿಕಾರಿಯನ್ನೂ ಕೇಳಬಹುದು. ಬಿಳಿ ಹಾಳೆಯ ಒಂದು ಪುಟ ಸಾಕು. ಆದೇಶದ ಸಂಖ್ಯೆ, ತಾರೀಖು, ನಿಮ್ಮ ಸರ್ವೆ ನಂಬರ್ ಬರೆಯಿರಿ. ಆದೇಶ ಯಾವ ಕಾರಣ ಹೇಳಿತ್ತೋ ಅದು ಈಗ ಹೇಗೆ ಇಲ್ಲ ಅನ್ನುವುದನ್ನು ಬರೆಯಿರಿ, ತಾರೀಖು ಕಾಣುವ ಫೋಟೊ ಎರಡು ಲಗತ್ತಿಸಿ. ಆಮೇಲೆ ಬೇಡಿಕೆ. ಇಲ್ಲೇ ಅರ್ಜಿಗಳು ಸೋಲುವುದು. ‘ಆದೇಶ ಪೂರ್ತಿ ತೆಗೆಯಿರಿ’ ಅಂದರೆ, ಸ್ನಾನಘಟ್ಟದಲ್ಲಿ ಯಾರಾದರೂ ಕೊಚ್ಚಿಹೋದರೆ ಹೊಣೆ ಯಾರು ಅನ್ನುವ ಅಳುಕು ಅಧಿಕಾರಿಗೆ ಇದ್ದೇ ಇರುತ್ತದೆ. ಅದರ ಬದಲು ‘ಹೊಲ ಇದ್ದವರಿಗೆ ಬೆಳಿಗ್ಗೆ 6ರಿಂದ ಸಂಜೆ 6ರವರೆಗೆ ಹೋಗಲು ಬಿಡಿ, ಘಟ್ಟ ಮುಚ್ಚಿಯೇ ಇರಲಿ’ ಅಂತ ಕೇಳಿದರೆ, ಅವರು ಸಹಿ ಹಾಕಬಹುದಾದ ಒಂದು ತಿದ್ದುಪಡಿಯನ್ನು ನೀವೇ ಬರೆದುಕೊಟ್ಟಂತಾಯಿತು. ಎರಡು ಪ್ರತಿ ಒಯ್ಯಿರಿ. ಒಂದರ ಮೇಲೆ ಟಪಾಲು ಶಾಖೆಯ ಮುದ್ರೆ, ತಾರೀಖು ಹಾಕಿಸಿಕೊಂಡೇ ಹೊರಗೆ ಬನ್ನಿ.

ಅರ್ಜಿ ಬಂದ ಮೇಲೆ, ಅರ್ಜಿದಾರ ತಾನಾಗಿ ಅಥವಾ ವಕೀಲರ ಮೂಲಕ ಹಾಜರಾಗಿ ಹೇಳಿಕೊಳ್ಳಲು ಬೇಗನೆ ಅವಕಾಶ ಕೊಡಬೇಕು. ತಿರಸ್ಕರಿಸಿದರೆ ಕಾರಣ ಬರೆದಿಡಬೇಕು. ಇದು 7ನೇ ಉಪಕಲಂ. ‘ಆಗೋದಿಲ್ಲ, ಹೋಗ್ರಿ’ ಅಂತ ಬಾಯಲ್ಲಿ ಹೇಳಿ ಕಳಿಸಿದರೆ ಅದು ತೀರ್ಮಾನ ಅಲ್ಲ.

ಆದೇಶ ಗೊತ್ತಿಲ್ಲದೆ ಹೊಲಕ್ಕೆ ಹೋದವರ ಮೇಲೆ ಕೇಸು ಆದೀತೇ? ಭಾರತೀಯ ನ್ಯಾಯ ಸಂಹಿತೆಯ 223ನೇ ಕಲಂ ಪ್ರಕಾರ, ಆದೇಶ ಇದೆಯೆಂದು ಗೊತ್ತಿದ್ದೂ ಮೀರಿರಬೇಕು. ಅಷ್ಟೇ ಅಲ್ಲ, ಆ ಮೀರುವಿಕೆಯಿಂದ ಅಡಚಣೆ, ಹಾನಿ ಅಥವಾ ಅಪಾಯ ಆಗಿರಬೇಕು, ಇಲ್ಲವೇ ಆಗುವಂತಿರಬೇಕು. ಜೀವಕ್ಕೆ ಅಪಾಯ ಆಗುವಂತಿದ್ದರೆ ಒಂದು ವರ್ಷದವರೆಗೆ ಸಜೆ, 5,000 ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ಆದರೆ ಸಂಬಂಧಪಟ್ಟ ಅಧಿಕಾರಿಯೋ ಅವರ ಮೇಲಿನವರೋ ಲಿಖಿತ ದೂರು ಕೊಡದೆ ಕೋರ್ಟ್ ಈ ಅಪರಾಧವನ್ನು ವಿಚಾರಣೆಗೆ ತೆಗೆದುಕೊಳ್ಳುವಂತಿಲ್ಲ. ಡಂಗುರ ಹೊಡೆದ ದಿನ, ಕಾಗದ ಅಂಟಿಸಿದ ಜಾಗ, ಇವುಗಳ ದಾಖಲೆ ಅಧಿಕಾರಿಗೂ ರೈತನಿಗೂ ಬೇಕಾಗುವುದು ಆಗಲೇ.

ಅರ್ಜಿ ತಿರಸ್ಕಾರವಾದರೆ, ಅಥವಾ ಉತ್ತರವೇ ಬಾರದಿದ್ದರೆ, ಸಂವಿಧಾನದ 226ನೇ ವಿಧಿಯಡಿ ರಿಟ್ ಅರ್ಜಿ. ಬೀದರ್, ಯಾದಗಿರಿ, ಕಲಬುರಗಿಯವರು ಇದಕ್ಕಾಗಿ ಬೆಂಗಳೂರಿಗೆ ಹೋಗಬೇಕಿಲ್ಲ, ಹೈಕೋರ್ಟಿನ ಪೀಠ ಕಲಬುರಗಿಯಲ್ಲೇ ಇದೆ. ಆದೇಶದ ನಕಲು, ಮುದ್ರೆ ಬಿದ್ದ ಅರ್ಜಿ, ಫೋಟೊ, ಪಹಣಿ, ಇವಿಷ್ಟು ವಕೀಲರ ಕೈಗೆ ಕೊಡಿ.

ಅಷ್ಟರಲ್ಲಿ ಆದೇಶದ ಅವಧಿಯೇ ಮುಗಿದುಹೋದರೆ ಏನು ಪ್ರಯೋಜನ ಅನ್ನುವವರಿದ್ದಾರೆ. 2019ರ ಡಿಸೆಂಬರ್ 18ರಂದು ಬೆಂಗಳೂರಿನಲ್ಲಿ ಪೊಲೀಸ್ ಆಯುಕ್ತರು 144ನೇ ಕಲಮಿನಡಿ ಮಾಡಿದ ಆದೇಶ 19ರಿಂದ 21ರವರೆಗೆ, ಮೂರೇ ದಿನದ್ದು. ಹೈಕೋರ್ಟ್ ತೀರ್ಪು ಕೊಟ್ಟಿದ್ದು 2020ರ ಫೆಬ್ರವರಿಯಲ್ಲಿ. ಅವಧಿ ಮುಗಿದಿದೆ ಅಂತ ಕೋರ್ಟ್ ಕಡತ ಮುಚ್ಚಲಿಲ್ಲ. ಉಪ ಪೊಲೀಸ್ ಆಯುಕ್ತರ ಪತ್ರಗಳಲ್ಲಿದ್ದುದನ್ನೇ ಆದೇಶದಲ್ಲಿ ಇಳಿಸಲಾಗಿದೆ, ಆದೇಶ ಮಾಡಿದವರು ಸ್ವತಃ ಯೋಚಿಸಿ ಅಭಿಪ್ರಾಯಕ್ಕೆ ಬಂದದ್ದು ಅದರಲ್ಲಿ ಕಾಣುವುದಿಲ್ಲ ಅಂತ ಹೇಳಿ, ಆ ಆದೇಶ ಕಾನೂನುಬಾಹಿರ ಅಂತ ತೀರ್ಮಾನಿಸಿತು.