ಕ್ರೆಡಿಟ್ ಕಾರ್ಡಿನಿಂದ ನಗದು ತೆಗೆದರೆ

ಕೇಳುಗರೇ, ನಮಸ್ಕಾರ.

ಕ್ರೆಡಿಟ್ ಕಾರ್ಡಿನಲ್ಲಿ ಸಾಮಾನು ಕೊಂಡರೆ ಬಿಲ್ಲಿನ ಕೊನೆ ದಿನದವರೆಗೆ ಬಡ್ಡಿ ಇಲ್ಲ. ಇದು ಎಲ್ಲರಿಗೂ ಗೊತ್ತು. ಅದೇ ಕಾರ್ಡನ್ನು ಎಟಿಎಂಗೆ ಹಾಕಿ ನಗದು ತೆಗೆದರೂ ಹೀಗೇ ಅಂದುಕೊಳ್ಳುವವರು ಬಹಳ ಜನ. ಹಾಗಲ್ಲ. ನಗದಿಗೆ ಬಡ್ಡಿರಹಿತ ದಿನಗಳೇ ಇಲ್ಲ. ಹಣ ಕೈಗೆ ಬಂದ ದಿನದಿಂದಲೇ ಬಡ್ಡಿ ಶುರು. ಬಿಲ್ಲು ಬಂದ ಮೇಲೆ ಪೂರ್ತಿ ಕಟ್ಟಿದರೂ ಅದು ತಪ್ಪುವುದಿಲ್ಲ.

ಒಂದು ಲೆಕ್ಕ ನೋಡೋಣ. ಮಗಳ ಕಾಲೇಜು ಶುಲ್ಕಕ್ಕೆ ಒಬ್ಬರು 40,000 ರೂಪಾಯಿ ತೆಗೆದರು ಅಂದುಕೊಳ್ಳಿ. ನಗದು ತೆಗೆದ ಶುಲ್ಕ ನಮ್ಮಲ್ಲಿ ಸಾಮಾನ್ಯವಾಗಿ ನೂರಕ್ಕೆ ಎರಡೂವರೆ ರೂಪಾಯಿ. ಅಂದರೆ 1,000 ರೂಪಾಯಿ. ಅದರ ಮೇಲೆ ನೂರಕ್ಕೆ 18ರಂತೆ ಜಿಎಸ್‌ಟಿ, 180. ಮರುದಿನವೇ ಹಣ ವಾಪಸ್ ಕಟ್ಟಿದರೂ ಈ 1,180 ರೂಪಾಯಿ ಹೋಯಿತು.

ಇನ್ನು ಬಡ್ಡಿ. ತಿಂಗಳಿಗೆ ಮೂರೂವರೆ ಅಂದರೆ ಕಡಿಮೆ ಅನಿಸುತ್ತದೆ, ಅಲ್ವಾ? ವರ್ಷಕ್ಕೆ ಅದು ನೂರಕ್ಕೆ 42. ನಮ್ಮ 40,000ಕ್ಕೆ ದಿನಕ್ಕೆ 46 ರೂಪಾಯಿ. ಈ ಬಡ್ಡಿಯ ಮೇಲೂ ಜಿಎಸ್‌ಟಿ ಇದೆ. ಅದನ್ನು ಸೇರಿಸಿದರೆ ದಿನಕ್ಕೆ 54. ಒಂದು ತಿಂಗಳಿಗೆ ಶುಲ್ಕವೂ ಸೇರಿ ಸುಮಾರು 2,800 ರೂಪಾಯಿ.

ವೈಯಕ್ತಿಕ ಸಾಲದ ಬಡ್ಡಿಗೆ ಜಿಎಸ್‌ಟಿ ಇಲ್ಲ. ಕಾರ್ಡಿನ ಬಡ್ಡಿಗೆ ಇದೆ. ಈ ವ್ಯತ್ಯಾಸ ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಬೇಕು ಅನ್ನುವುದು ನನ್ನ ಅಭಿಪ್ರಾಯ.

ಈಗ ಅದೇ 40,000ವನ್ನು ಒಂದು ವರ್ಷದಲ್ಲಿ ಸಮ ಕಂತುಗಳಲ್ಲಿ ತೀರಿಸೋಣ. ಕಾರ್ಡಿನಲ್ಲಾದರೆ ಶುಲ್ಕ, ಬಡ್ಡಿ, ತೆರಿಗೆ ಎಲ್ಲ ಸೇರಿ ಸುಮಾರು 12,700 ರೂಪಾಯಿ ಜಾಸ್ತಿ ಕಟ್ಟುತ್ತೀರಿ. ವರ್ಷಕ್ಕೆ ನೂರಕ್ಕೆ 15ರ ಬಡ್ಡಿಯ ವೈಯಕ್ತಿಕ ಸಾಲವಾದರೆ ಬಡ್ಡಿ ಸುಮಾರು 3,300. ನೂರಕ್ಕೆ ಎರಡರಷ್ಟು ಸಂಸ್ಕರಣಾ ಶುಲ್ಕ ಮತ್ತು ಅದರ ತೆರಿಗೆ ಸೇರಿ 4,300ರ ಒಳಗೇ. ಮೂರರಲ್ಲಿ ಒಂದು ಪಾಲು ಸಾಕು. ಕಾರ್ಡಿನಲ್ಲಿ ಬರೀ ಕನಿಷ್ಠ ಮೊತ್ತ ಕಟ್ಟುತ್ತಾ ಹೋದರಂತೂ ಅಸಲು ಬೇಗ ಕರಗುವುದೇ ಇಲ್ಲ.

ಹಾಗಂತ ನಾಲ್ಕೈದು ದಿನಕ್ಕೆ ಬೇಕಾದ ಹಣಕ್ಕೆ ವೈಯಕ್ತಿಕ ಸಾಲ ಸರಿಹೋಗುವುದಿಲ್ಲ. ಸಂಸ್ಕರಣಾ ಶುಲ್ಕ ಅಲ್ಲೂ ಇದೆ, ಬೇಗ ತೀರಿಸಿದರೆ ಅದಕ್ಕೂ ಶುಲ್ಕ ಕೇಳಬಹುದು. ಇನ್ನು ಕಾಲೇಜಾಗಲಿ ಆಸ್ಪತ್ರೆಯಾಗಲಿ ಕಾರ್ಡ್ ತೆಗೆದುಕೊಳ್ಳುತ್ತದೆಯೇ ಅಂತ ಮೊದಲು ಕೇಳಿ. ನೇರವಾಗಿ ಕಾರ್ಡ್ ಉಜ್ಜಿದರೆ ಅದು ಖರೀದಿ. ಹಳೆ ಬಾಕಿ ಇಲ್ಲದಿದ್ದರೆ, ಬಿಲ್ಲನ್ನು ಸಮಯಕ್ಕೆ ಪೂರ್ತಿ ಕಟ್ಟಿದರೆ ಬಡ್ಡಿ ಬೀಳುವುದಿಲ್ಲ.

ಈಗಾಗಲೇ ನಗದು ತೆಗೆದಿದ್ದರೆ ಬಿಲ್ಲಿಗೆ ಕಾಯಬೇಡಿ. ಹಣ ಬಂದ ದಿನವೇ ಆ್ಯಪ್‌ನಲ್ಲಿ ಕಾರ್ಡಿಗೆ ಕಟ್ಟಿ. ಆವರೆಗಿನ ದಿನಗಳ ಬಡ್ಡಿ ಮುಂದಿನ ಬಿಲ್ಲಿನಲ್ಲಿ ಸಣ್ಣ ಮೊತ್ತವಾಗಿ ಬರುತ್ತದೆ. ಅದನ್ನೂ ಮರೆಯದೆ ತೀರಿಸಿ.

ನಮಸ್ಕಾರ.