15 ಗಂಟೆ ಆಡಿಯೋಬುಕ್ ಎಲ್ಲಿ ಖಾಲಿಯಾಗುತ್ತದೆ?

[ಕ್ಯಾಮೆರಾ ಎದುರು. ಹಿಂದೆ ಉಡುಪಿ ರೈಲ್ವೆ ಸ್ಟೇಷನ್ ಪ್ಲಾಟ್‌ಫಾರ್ಮ್.]

ನಮಸ್ಕಾರ. ಮ್ಯೂಸಿಕ್ ಆ್ಯಪ್‌ಗೆ ತಿಂಗಳಿಗೆ ಹಣ ಕಟ್ಟುತ್ತೀರಿ, ಅದರಲ್ಲೇ ಪಾಡ್‌ಕಾಸ್ಟ್ ಇದೆ, ಆಡಿಯೋಬುಕ್ ಕೂಡ ಇದೆ. ಹಾಡು ಎಷ್ಟು ಬೇಕಾದರೂ ಕೇಳಬಹುದು, ಪಾಡ್‌ಕಾಸ್ಟ್‌ಗೂ ಮಿತಿ ಇಲ್ಲ. ಮೀಟರ್ ಓಡುವುದು ಆಡಿಯೋಬುಕ್‌ಗೆ ಮಾತ್ರ. ಇವತ್ತು ಆ ಮೀಟರ್ ಬಗ್ಗೆ ಮಾತಾಡೋಣ.

ಸ್ಪಾಟಿಫೈಯನ್ನೇ ನೋಡಿ. 2023ರ ಅಕ್ಟೋಬರ್‌ನಲ್ಲಿ ಬ್ರಿಟನ್ ಮತ್ತು ಆಸ್ಟ್ರೇಲಿಯಾದಲ್ಲಿ ಪ್ರೀಮಿಯಂ ಜೊತೆ ತಿಂಗಳಿಗೆ 15 ಗಂಟೆ ಆಡಿಯೋಬುಕ್ ಕೊಡಲು ಶುರು ಮಾಡಿತು. ಫ್ರಾನ್ಸ್‌ನಲ್ಲಿ 12 ಗಂಟೆ ಕೊಟ್ಟಿತು. ಅಂದರೆ ಖಾತೆ ಯಾವ ದೇಶದ್ದೋ ಆ ದೇಶದ ಲೆಕ್ಕ. ನೀವು ಇಲ್ಲಿ ಮಂಗಳೂರಲ್ಲಿ ಕೂತು ಯಾವುದೇ ಪ್ಲಾನ್ ತೆಗೆದುಕೊಳ್ಳುವ ಮುಂಚೆ ಆಡಿಯೋಬುಕ್ ಗಂಟೆ ಎಷ್ಟು ಅಂತ ಆ ಪುಟದಲ್ಲಿ ಬರೆದಿದೆಯಾ ನೋಡಿ. ಬರೆದಿಲ್ಲ ಅಂದರೆ ಇದೆ ಅಂದುಕೊಂಡು ಹಣ ಕಟ್ಟಬೇಡಿ.

ಈಗ ಒಂದು ಉದಾಹರಣೆ. ನಮ್ಮ ಕಡೆ ಹೊರದೇಶದಲ್ಲಿ ಒಬ್ಬರಾದರೂ ಇಲ್ಲದ ಮನೆ ಕಡಿಮೆ ಅಲ್ವಾ? ಲಂಡನ್‌ನಲ್ಲಿ ನರ್ಸ್ ಆಗಿರುವ ಒಬ್ಬರು ಅಕ್ಕ ರಜೆಗೆ ಊರಿಗೆ ಬರುತ್ತಿದ್ದಾರೆ ಅಂತಿಟ್ಟುಕೊಳ್ಳಿ. ಮುಂಬೈಯಲ್ಲಿ ಇಳಿದು ಮತ್ಸ್ಯಗಂಧ ಹತ್ತಿ ಉಡುಪಿಗೆ. ಅವರದು ಬ್ರಿಟನ್ ಖಾತೆ, 15 ಗಂಟೆ.

[ಸ್ಕ್ರೀನ್ ಮೇಲೆ: 15 ಗಂಟೆ − 11 ಗಂಟೆ 30 ನಿಮಿಷ = 3 ಗಂಟೆ 30 ನಿಮಿಷ]

ಪುಸ್ತಕ ಹನ್ನೊಂದೂವರೆ ಗಂಟೆಯದ್ದು. ಅಕ್ಕ 1.5 ವೇಗದಲ್ಲಿ ಕೇಳುತ್ತಾರೆ, ಗಡಿಯಾರದಲ್ಲಿ ಹೆಚ್ಚುಕಡಿಮೆ 7 ಗಂಟೆ 40 ನಿಮಿಷಕ್ಕೆ ಮುಗಿಯುತ್ತದೆ. ಇನ್ನೂ ಏಳು ಗಂಟೆ ಉಳಿಯಿತು ಅಂತ ಅನ್ನಿಸುತ್ತದೆ. ಉಳಿಯುವುದಿಲ್ಲ! ಕಡಿತ ಆಗುವುದು ಪುಸ್ತಕದ ಮಾಮೂಲಿ ವೇಗದ ಲೆಕ್ಕದಲ್ಲಿ. ಕೈಯಲ್ಲಿ ಇರುವುದು ಮೂರೂವರೆ ಗಂಟೆ ಅಷ್ಟೇ. ಒಂಬತ್ತು ಗಂಟೆಯ ಇನ್ನೊಂದು ಪುಸ್ತಕ ಶುರು ಮಾಡಿದರೆ ಅರ್ಧಕ್ಕೂ ಮುಂಚೆ ನಿಲ್ಲುತ್ತದೆ. ಮುಂದಿನ ಬಿಲ್ ದಿನದವರೆಗೆ ಕಾಯಬೇಕು, ಇಲ್ಲ ಹೆಚ್ಚುವರಿ ಗಂಟೆ ಕೊಳ್ಳಬೇಕು. ಹಾಗಂತ ಈ ತಿಂಗಳು ಕೇಳದೆ ಬಿಟ್ಟ ಗಂಟೆ ಮುಂದಿನ ತಿಂಗಳಿಗೂ ಸೇರುವುದಿಲ್ಲ.

ರಾತ್ರಿ ಬರ್ತ್‌ನಲ್ಲಿ ಮಲಗಿ ಕೇಳುತ್ತಾ ನಿದ್ದೆ ಬಂದರೆ? ಪುಸ್ತಕ ಸುಮ್ನೆ ಓಡುತ್ತಲೇ ಇರುತ್ತದೆ. ಬೆಳಿಗ್ಗೆ ಹಿಂದೆ ಹೋಗಿ ಅದೇ ಭಾಗ ಮತ್ತೆ ಕೇಳಿದರೆ ಅದೂ ಲೆಕ್ಕಕ್ಕೆ ಸೇರುತ್ತದೆ. ಎರಡು ಗಂಟೆಯ ಭಾಗಕ್ಕೆ ನಾಲ್ಕು ಗಂಟೆ ಹೋಯಿತು. ಅದಕ್ಕೇ ಸ್ಲೀಪ್ ಟೈಮರ್ ಹಾಕಿ. ಆಡಿಯೋಬುಕ್‌ಗೆ ಇದು ನಿಜಕ್ಕೂ ಹಣ ಉಳಿಸುವ ಬಟನ್.

[ದೃಶ್ಯ: ರೈಲಿನ ಕಿಟಕಿ, ಸುರಂಗ, ಕತ್ತಲೆ.]

ಇನ್ನು ಡೌನ್‌ಲೋಡ್. ಕೊಂಕಣ ರೈಲ್ವೆಯಲ್ಲಿ ಸುರಂಗದ ಮೇಲೆ ಸುರಂಗ, ರತ್ನಾಗಿರಿ ಹತ್ತಿರದ ಕರಬುಡೆ ಸುರಂಗವೇ ಆರೂವರೆ ಕಿಲೋಮೀಟರ್. ಸಿಗ್ನಲ್ ನಂಬಿ ಕೂರುವ ಹಾಗಿಲ್ಲ. ಹಾಗಾಗಿ ವೈಫೈ ಇರುವಲ್ಲೇ ಇಳಿಸಿಕೊಳ್ಳಿ. 96 ಕೆಬಿಪಿಎಸ್ ಗುಣಮಟ್ಟದಲ್ಲಿ ಒಂದು ಗಂಟೆಗೆ ಸುಮಾರು 43 ಎಂಬಿ ಬೇಕು, ಅಕ್ಕನ ಪುಸ್ತಕಕ್ಕೆ ಅರ್ಧ ಜಿಬಿ ಜಾಗ ಇದ್ದರೆ ಸಾಕು. ಆದರೆ ಫೋನಿಗೆ ಇಳಿಸಿದ್ದು ಟ್ಯಾಬ್‌ಗೆ ತಾನಾಗಿ ಬರುವುದಿಲ್ಲ, ಅಲ್ಲಿ ಬೇರೆಯಾಗಿ ಇಳಿಸಬೇಕು. 30 ದಿನಕ್ಕೆ ಒಮ್ಮೆಯಾದರೂ ಆ ಫೋನನ್ನು ಇಂಟರ್‌ನೆಟ್‌ಗೆ ಸೇರಿಸಬೇಕು, ಇಲ್ಲದಿದ್ದರೆ ಇಳಿಸಿದ್ದೆಲ್ಲ ಪ್ಲೇ ಆಗುವುದು ನಿಲ್ಲುತ್ತದೆ. ಡೌನ್‌ಲೋಡ್ ಮಾಡಿ ಆಫ್‌ಲೈನ್‌ನಲ್ಲಿ ಕೇಳಿದರೆ ಗಂಟೆ ಕಡಿತ ಆಗಲ್ಲ ಅಂದುಕೊಂಡವರು ಜಾಸ್ತಿ. ಆಗುತ್ತದೆ.

ಸಿಂಕ್‌ನಲ್ಲಿ ಎಡವುವುದು ಇಲ್ಲೇ. ಎಲ್ಲಿಯವರೆಗೆ ಕೇಳಿದ್ದೀರಿ ಅನ್ನುವ ಗುರುತು ನೆಟ್ ಇದ್ದಾಗ ಮಾತ್ರ ಖಾತೆಗೆ ಹೋಗುತ್ತದೆ. ಅಕ್ಕ ರೈಲಿನಲ್ಲಿ ಫೋನನ್ನು ಆಫ್‌ಲೈನ್ ಮೋಡ್‌ನಲ್ಲಿಟ್ಟು 14ನೇ ಅಧ್ಯಾಯದವರೆಗೆ ಬಂದಿದ್ದಾರೆ. ಮನೆಗೆ ಬಂದ ಕೂಡಲೇ ವೈಫೈಯಲ್ಲಿ ಟ್ಯಾಬ್ ತೆರೆದರು, ಅದು 6ನೇ ಅಧ್ಯಾಯ ತೋರಿಸುತ್ತಿದೆ! ಆ್ಯಪ್ ಹಾಳಾಗಿಲ್ಲ. 14ರ ಸುದ್ದಿ ಇನ್ನೂ ಫೋನಿನ ಒಳಗೇ ಇದೆ. ಆಗ ಟ್ಯಾಬ್‌ನಲ್ಲಿ ಪ್ಲೇ ಒತ್ತಿದರೆ ಕೇಳಿದ್ದನ್ನೇ ಕೇಳಿ ಗಂಟೆ ಕಳೆದುಕೊಳ್ಳುತ್ತೀರಿ, ಜೊತೆಗೆ ಯಾವ ಗುರುತು ಉಳಿಯುತ್ತದೆ ಅನ್ನುವ ಗೊಂದಲ ಬೇರೆ. ಮೊದಲು ಫೋನನ್ನು ವೈಫೈಗೆ ಹಾಕಿ, ಆಫ್‌ಲೈನ್ ಮೋಡ್ ತೆಗೆದು, ಆ್ಯಪ್ ತೆರೆದು ಸ್ವಲ್ಪ ಹೊತ್ತು ಬಿಡಿ. ಆಮೇಲೆ ಟ್ಯಾಬ್‌ನಲ್ಲಿ ಆ್ಯಪ್ ಪೂರ್ತಿ ಮುಚ್ಚಿ ಮತ್ತೆ ತೆರೆಯಿರಿ. ಹೊರಡುವ ಮುಂಚೆ ಅಧ್ಯಾಯದ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಇನ್ನೂ ಒಳ್ಳೆಯದು.

ಇನ್ನೊಂದು ವಿಷಯ, ಫ್ಯಾಮಿಲಿ ಪ್ಲಾನ್. ಅದರಲ್ಲಿ ಈ 15 ಗಂಟೆ ಸಿಗುವುದು ಪ್ಲಾನ್ ನೋಡಿಕೊಳ್ಳುವವರ ಖಾತೆಗೆ, ಮನೆಯ ಎಲ್ಲರಿಗೂ ಅಲ್ಲ. ಪುಸ್ತಕ ಕೇಳುವವರು ಅಕ್ಕ, ಹಣ ಕಟ್ಟುವವರು ಭಾವ ಅಂತಾದರೆ, ಪ್ಲಾನನ್ನು ಅಕ್ಕನ ಹೆಸರಲ್ಲೇ ತೆಗೆದುಕೊಳ್ಳಿ.